ಡ್ಯಾಶ್‌ಬೋರ್ಡಿನ ಮೇಲಿನ ಡಬ್ಬಿ

ಶರಾವತಿಯವರು ಹುಟ್ಟಿದ್ದು 1971ರ ಜೂನ್ 9ರಂದು, ಹೊಸನಗರ ತಾಲ್ಲೂಕಿನ ನಿಟ್ಟೂರಿನಲ್ಲಿ. ಶಿವಮೊಗ್ಗದ ಒಂದು ಕನ್ನಡಕದ ಅಂಗಡಿಯಲ್ಲಿ ಹತ್ತು ವರ್ಷ ಲೆನ್ಸು ಅರೆಯುವ ಕಲ್ಲಿನ ಮುಂದೆ ಕುಳಿತು ಕೆಲಸ ಕಲಿತು, 2003ರ ಜೂನ್ 2ರಂದು ಸಾಗರದಲ್ಲಿ ಸ್ವಂತ ಅಂಗಡಿ ತೆರೆದರು. ಗುರುವಾರ ಮಾತ್ರ ಬಾಗಿಲು ಹಾಕಿ, ಲೆನ್ಸಿನ ಪೆಟ್ಟಿಗೆ ಹಿಡಿದು ತೀರ್ಥಹಳ್ಳಿಯ ಗಿರಾಕಿಗಳ ಬಳಿಗೆ ಹೋಗುತ್ತಾರೆ.

ಅವರ ಮೇಜಿನ ಎಡಗಡೆಯ ಸೆಳೆಖಾನೆಯಲ್ಲಿ ಕಾಗದದ ಪೊಟ್ಟಣಗಳ ಒಂದು ಸಾಲು ಇದೆ. ಒಂದೊಂದರಲ್ಲಿಯೂ ಹಾಳಾದ ಒಂದು ಲೆನ್ಸು. ಮೇಲೆ ತಾರೀಖು ಮತ್ತು ಕಾರಣ. ತೀರ್ಥಹಳ್ಳಿಯ ವಕೀಲರೊಬ್ಬರದು: ‘ಕರಿ ಕೋಟಿನ ತೋಳಿನಿಂದ ಒರೆಸಿದ್ದು, 14-3-2019’. ಹೊಸನಗರದ ಹೋಟೆಲಿನ ಅಡುಗೆಯವರದು: ‘ಇಡ್ಲಿ ಪಾತ್ರೆಯ ಹಬೆ, 6-8-2021’. ಕುದಿಯುವ ನೀರಿನಲ್ಲಿ ಅದ್ದಿ ಶುದ್ಧಿ ಮಾಡಿದ ಮಹಾಶಯರೂ ಅಲ್ಲಿದ್ದಾರೆ. ಎಪ್ಪತ್ತನಾಲ್ಕು ಪೊಟ್ಟಣಗಳು. ನಮ್ಮ ಮೂರು ತಾಲ್ಲೂಕುಗಳ ವಿದ್ಯಾವಂತಿಕೆಯನ್ನು ತಿಳಿಯಬಯಸುವವರು ಆ ಸೆಳೆಖಾನೆಯನ್ನು ನೋಡಬೇಕು. ಎಪ್ಪತ್ತೈದನೆಯದು ಅಲ್ಲಿಗೆ ಬಂದ ಬಗೆಯನ್ನು ಇಲ್ಲಿ ಹೇಳುತ್ತೇನೆ.

2023ರ ಏಪ್ರಿಲ್ 15, ಶನಿವಾರ, ಬೆಳಿಗ್ಗೆ ಹತ್ತೂಕಾಲು. ನನ್ನ ಕನ್ನಡಕದ ಸಡಿಲಾದ ತಿರುಪನ್ನು ಬಿಗಿಸಿಕೊಳ್ಳಲು ನಾನು ಸಾಗರದ ಆ ಅಂಗಡಿಯಲ್ಲಿ ಕುಳಿತಿದ್ದೆ. ಅಡಿಕೆ ಬೆಳೆಗಾರರ ಸಂಘವೊಂದರ ಅಧ್ಯಕ್ಷ ಮಂಜುನಾಥಪ್ಪನವರು ಹೆಂಡತಿ ವೆಂಕಮ್ಮನವರೊಡನೆ ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ. ಆ ಅಂಗಿಯಷ್ಟೇ ಬಿಗಿಯಾದ ಮುಖ.

“ಶರಾವತಮ್ಮ, ನಾಲ್ಕು ತಿಂಗಳಲ್ಲಿ ಎರಡನೇ ಸಲ ಇದು. ಎದುರಿನ ಗಾಡಿಯ ಲೈಟು ನಕ್ಷತ್ರದ ಹಾಗೆ ಒಡೆದು ಕಾಣ್ತದೆ. ನೀವು ಮಾರೋದು ನಕಲಿ ಕೋಟಿಂಗು.”

ಹೀಗೆಂದು ಕನ್ನಡಕ ತೆಗೆದು, ಅದನ್ನು ಅಂಗಿಯ ಅಂಚಿನಿಂದ ಗರಗರನೆ ಉಜ್ಜಿ ಮೇಜಿನ ಮೇಲಿಟ್ಟರು. ಇಟ್ಟದ್ದೂ ಲೆನ್ಸು ಕೆಳಮುಖವಾಗಿ.

“ಏಪ್ರಿಲ್ 30ಕ್ಕೆ ಆನಂದಪುರದಲ್ಲಿ ನಮ್ಮ ಸಂಘದ ಕಣ್ಣಿನ ಶಿಬಿರ ಉಂಟು,” ಎಂದು ಮುಂದುವರಿಸಿದರು. “ಇನ್ನೂರು ಜನಕ್ಕೆ ಕನ್ನಡಕ ನಿಮ್ಮಿಂದ ಅಂತ ಮಾತಾಗಿತ್ತಲ್ಲ, ಅದನ್ನು ಶಿವಮೊಗ್ಗದವರಿಗೆ ಕೊಡ್ತೇನೆ. ಯಾಕೆ ಕೊಟ್ಟೆ ಅಂತ ವೇದಿಕೆ ಮೇಲೆ ಹೇಳ್ತೇನೆ.”

ಇಪ್ಪತ್ತು ವರ್ಷದಲ್ಲಿ ಗಳಿಸಿದ ಹೆಸರು ಒಂದು ಧ್ವನಿವರ್ಧಕದಲ್ಲಿ ಮುಗಿಯುತ್ತಿತ್ತು. ಶರಾವತಿಯವರು ಲೆನ್ಸನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರು.

“ಇದರಲ್ಲಿ ಎರಡು ರೋಗ ಇದೆ ಅಧ್ಯಕ್ಷ್ರೇ. ಮಧ್ಯದಲ್ಲಿ ಸುತ್ತು ಸುತ್ತಾಗಿ ಗೀರು ಕಾಣ್ತದಲ್ಲ, ಅದು ನಿಮ್ಮ ಅಂಗಿ ಹಾಕಿದ್ದು.”

“ಮೆತ್ತಗಿನ ಕಾಟನ್ ಅಂಗಿ ಇದು.”

“ಬಟ್ಟೆ ಮೆತ್ತಗೇ ಇದೆ. ಅದರಲ್ಲಿ ಕೂತ ದೂಳು ಮೆತ್ತಗಿಲ್ಲ. ಒಣ ಲೆನ್ಸಿನ ಮೇಲೆ ಮರಳು ಹಾಕಿ ತಿಕ್ಕಿದ ಹಾಗೆ. ಇನ್ನೊಂದು, ಇಡೀ ಲೆನ್ಸಿನ ತುಂಬ ಬಲೆ ಥರ ಬಿರುಕು. ಒಣಗಿದ ಕೆರೆಯ ಕೆಸರಿನ ಹಾಗೆ. ಅದು ಕಾವಿನದ್ದು. ಕನ್ನಡಕ ಎಲ್ಲಿಡ್ತೀರಿ?”

“ಡಬ್ಬಿಯಲ್ಲಿ. ನಾನು ಶಿಸ್ತಿನ ಮನುಷ್ಯ.”

“ಡಬ್ಬಿ ಎಲ್ಲಿಡ್ತೀರಿ?”

“ಕಾರಲ್ಲಿ,” ಎಂದರು ವೆಂಕಮ್ಮನವರು. “ಮುಂದೆ, ಗಾಜಿನ ಕೆಳಗೆ. ದೂರದ್ದು ನೋಡ್ಲಿಕ್ಕೆ ಅಂತ ಕೊಟ್ಟದ್ದಲ್ವಾ, ಇವ್ರು ಗಾಡಿ ಬಿಡುವಾಗ ಮಾತ್ರ ಹಾಕ್ತಾರೆ.”

“ನೀನು ಸುಮ್ನಿರು. ಡಬ್ಬಿ ಗಟ್ಟಿ ಉಂಟು, ಒಳಗಿದ್ದದ್ದಕ್ಕೆ ಬಿಸಿಲು ತಾಗೋದಿಲ್ಲ.”

ಇದೇ ಆ ಮನುಷ್ಯನ ಇಡೀ ಭೌತಶಾಸ್ತ್ರ. ಮೂವತ್ತು ವರ್ಷ ಅಡಿಕೆ ಬೇಯಿಸಿ ಒಣಗಿಸಿದವರಿಗೆ, ಮುಚ್ಚಿದ ಹಂಡೆಯ ಒಳಗೂ ಕಾವು ಹೋಗುತ್ತದೆಂಬುದು ಹೊಳೆದಿರಲಿಲ್ಲ. ಶರಾವತಿಯವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಲೆನ್ಸು ಪ್ಲಾಸ್ಟಿಕ್ಕಿನದು, ಬೆಳಕು ಪ್ರತಿಫಲಿಸದಂತೆ ಅದರ ಮೇಲೆ ಬಳಿದ ಲೇಪ ಗಾಜಿನಂಥ ಪದಾರ್ಥದ್ದು, ಕೂದಲಿಗಿಂತ ಎಷ್ಟೋ ತೆಳು. ಬಿಸಿಯಾದಾಗ ಪ್ಲಾಸ್ಟಿಕ್ ಹೆಚ್ಚು ಹಿಗ್ಗುತ್ತದೆ, ಲೇಪ ಅಷ್ಟು ಹಿಗ್ಗಲಾರದೆ ಸೀಳುತ್ತದೆ. ಡಬ್ಬಿ ತಡೆಯುವುದು ಗೀರನ್ನು, ಕಾವನ್ನಲ್ಲ.

“ಇದೆಲ್ಲ ಅಂಗಡಿಯವರ ಪುರಾಣ,” ಎಂದರು ಅಧ್ಯಕ್ಷರು.

“ಹಾಗಾದರೆ ಐದು ದಿನ ಕೊಡಿ,” ಎಂದರು ಶರಾವತಿಯವರು.

ಒಂದೇ ಪೆಟ್ಟಿಗೆಯಿಂದ ಎರಡು ಹೊಸ ಲೆನ್ಸು ತೆಗೆದು, ಒಂದೇ ಅಳತೆಗೆ ಅರೆದರು. ಒಂದನ್ನು ಮಂಜುನಾಥಪ್ಪನವರ ಕಪ್ಪು ಡಬ್ಬಿಯಲ್ಲಿ, ಇನ್ನೊಂದನ್ನು ಅಂಥದೇ ಬೇರೆ ಡಬ್ಬಿಯಲ್ಲಿ ಇಟ್ಟರು. ಎರಡಕ್ಕೂ ಟೇಪು ಸುತ್ತಿ, ಟೇಪಿನ ಮೇಲೆ ಅಧ್ಯಕ್ಷರ ರುಜು ಹಾಕಿಸಿದರು. ರುಜು ಹಾಕುವುದರಲ್ಲಿ ಅವರು ನುರಿತವರು. ಮೊದಲನೆಯದು ಅವರ ಕಾರಿನ ಡ್ಯಾಶ್‌ಬೋರ್ಡಿಗೆ, ಎರಡನೆಯದು ಅಂಗಡಿಯ ಸೆಳೆಖಾನೆಗೆ.

ಏಪ್ರಿಲ್ 17, ಸೋಮವಾರದಿಂದ 21, ಶುಕ್ರವಾರದವರೆಗೆ ಕಾರು ಸಂಘದ ಕಚೇರಿಯ ಮುಂದೆ ಎಂದಿನಂತೆ ಬಿಸಿಲಲ್ಲಿ ನಿಂತಿತು. ಹತ್ತು ಮಾರು ಆಚೆ ಹಲಸಿನ ಮರದ ನೆರಳಿತ್ತು. ಅಲ್ಲಿ ನಿಲ್ಲಿಸಿದರೆ ಅಧ್ಯಕ್ಷರ ಕಾರೆಂದು ಹೇಗೆ ತಿಳಿಯಬೇಕು? ಬುಧವಾರ ಮಧ್ಯಾಹ್ನ ಒಂದೂವರೆಗೆ ಶರಾವತಿಯವರು ಹೋಗಿ, ಬಾಗಿಲು ತೆರೆಸಿ, ಕಾವಳೆಯುವ ಮೀಟರು ಹಿಡಿದು ಡ್ಯಾಶ್‌ಬೋರ್ಡಿನ ಕಾವನ್ನು ಅಳೆದರು. ಎಪ್ಪತ್ತಾರು ಡಿಗ್ರಿ. ಹೊರಗೆ ಮೂವತ್ತಾರು. ಅರವತ್ತು ದಾಟಿದರೆ ಲೇಪಕ್ಕೆ ಕೇಡು ಎಂದು ಅವರು ಹೇಳಿದ್ದಕ್ಕೆ, “ಮೀಟರು ಸರಿ ಇಲ್ಲ,” ಎಂಬ ಉತ್ತರ ಬಂತು.

ಶುಕ್ರವಾರ ಮೂರೂವರೆಗೆ ಎರಡೂ ಡಬ್ಬಿಗಳು ಮೇಜಿನ ಮೇಲೆ ಬಂದವು. ಟೇಪು ಕತ್ತರಿಸಿದ್ದು ಅಧ್ಯಕ್ಷರೇ. ಸೆಳೆಖಾನೆಯ ಲೆನ್ಸಿನಲ್ಲಿ ಟ್ಯೂಬ್‌ಲೈಟು ಒಂದು ತಿಳಿಹಸಿರು ಗೆರೆಯಾಗಿ ಕಂಡಿತು. ಕಾರಿನದರಲ್ಲಿ ಅದೇ ಗೆರೆ ಸಾವಿರ ಚೂರಾಗಿತ್ತು. ಅವರು ಲೆನ್ಸನ್ನು ಎರಡು ಬಾರಿ ತಿರುಗಿಸಿ ನೋಡಿದರು. ಆಮೇಲೆ ಅಭ್ಯಾಸಬಲದಿಂದ ಅಂಗಿಯ ಅಂಚಿನತ್ತ ಒಯ್ದರು.

“ಅದು ಒರೆಸಿದರೆ ಹೋಗೋದಲ್ಲ,” ಎಂದರು ಶರಾವತಿಯವರು.

ವೆಂಕಮ್ಮನವರು ತಮ್ಮ ಕನ್ನಡಕ ಬಿಚ್ಚಿ ಮುಂದಿಟ್ಟರು. “ನನ್ನದೂ ಹೀಗೇ ಆಗಿದೆ ಶರಾವತಮ್ಮ. ಹಲಸಿನ ಹಪ್ಪಳಕ್ಕೆ ತೊಳೆ ಬೇಯಿಸ್ತೀನಲ್ಲ, ಮುಚ್ಚಳ ತೆಗೆದು ಬಗ್ಗಿ ನೋಡ್ತೀನಿ. ಹಬೆ ಕೂತಾಗ ತೆಗೆದು ಒಲೆ ಪಕ್ಕದಲ್ಲೇ ಇಡ್ತೀನಿ. ಒಣಗ್ಲಿ ಅಂತ.”

ಆ ಅಂಗಡಿಯಲ್ಲಿ ತಮ್ಮ ತಪ್ಪನ್ನು ತಪ್ಪೆಂದು ಹೇಳಿದ ಮೊದಲ ವ್ಯಕ್ತಿ ಅವರು. ಶರಾವತಿಯವರ ಮುಖ ಮೆತ್ತಗಾಯಿತು. ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕಿರಲಿ, ಕನ್ನಡಕ ಒಲೆಯಿಂದ ದೂರವಿರಲಿ ಎಂದು ಹೇಳಿ, ಹಿಂದಿನ ನಲ್ಲಿಯ ಬಳಿ ಕರೆದೊಯ್ದು ತೋರಿಸಿದರು. ಮೊದಲು ತಣ್ಣೀರಿನಲ್ಲಿ ದೂಳು ಹರಿದು ಹೋಗಬೇಕು. ಬಳಿಕ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ಒಂದೇ ಹನಿ, ಬೆರಳ ತುದಿಯಿಂದ. ಮತ್ತೆ ನೀರು. ಕೊಡವಿ, ಕನ್ನಡಕಕ್ಕೆಂದೇ ಇರುವ ಸಣ್ಣ ನೂಲಿನ ಬಟ್ಟೆಯಿಂದ ಒತ್ತಿ ಒರೆಸುವುದು. ಆ ಬಟ್ಟೆಯನ್ನೂ ಆಗಾಗ ಒಗೆಯುವುದು. ಬಿಸಿನೀರು, ವಿನೆಗರ್, ಕಿಟಕಿ ಒರೆಸುವ ದ್ರವ ಯಾವುದೂ ಬೇಡ.

“ನನಗೆ ಹೊಸ ಜೋಡಿ ಯಾವಾಗ?” ಎಂದು ಅಧ್ಯಕ್ಷರು ಕೇಳಿದರು.

“ನಿಮಗೆ ಲೇಪದ್ದು ಇನ್ನು ಮಾಡೋದಿಲ್ಲ. ಬರೀ ಗಾಜಿಂದು ಮಾಡಿಕೊಡ್ತೇನೆ. ಭಾರ ಇರ್ತದೆ, ದೀಪ ಪ್ರತಿಫಲಿಸ್ತದೆ, ಕೆಳಗೆ ಬಿದ್ದರೆ ಒಡೆಯಬಹುದು. ಆದರೆ ಬಿಸಿಲಿಗೆ ಸೀಳೋದಿಲ್ಲ, ಅಂಗಿಗೂ ಸುಲಭಕ್ಕೆ ಗೀರಾಗೋದಿಲ್ಲ. ನಿಮ್ಮ ಶಿಸ್ತಿಗೆ ಅದೇ ಸರಿ.”

ವೆಂಕಮ್ಮನವರು ಸೆರಗು ಬಾಯಿಗೆ ಹಿಡಿದರು. ಶರಾವತಿಯವರು ಕಾರಿನಲ್ಲಿದ್ದ ಲೆನ್ಸನ್ನು ಪೊಟ್ಟಣಕ್ಕೆ ಹಾಕಿ ಪೆನ್ನು ತೆಗೆದಾಗ ಅಧ್ಯಕ್ಷರ ಧ್ವನಿ ಇಳಿಯಿತು.

“ಹೆಸರು ಬರೀಬೇಡಿ. ಶಿಬಿರದ ಮಾತು ಮೊದಲಿನ ಹಾಗೇ ಇರಲಿ.”

“ಹೆಸರು ಯಾರದ್ದೂ ಬರೆಯೋದಿಲ್ಲ. ಶಿಬಿರಕ್ಕೂ ಪೊಟ್ಟಣಕ್ಕೂ ಸಂಬಂಧ ಇಲ್ಲ ಅಧ್ಯಕ್ಷ್ರೇ.” ಅವರು ಬರೆದರು: ‘ಡಬ್ಬಿಯಲ್ಲಿದ್ದರೂ, ಡ್ಯಾಶ್‌ಬೋರ್ಡ್, 21-4-2023.’

ಏಪ್ರಿಲ್ 30ರಂದು ಆನಂದಪುರದಲ್ಲಿ ಮಂಜುನಾಥಪ್ಪನವರು ಇಪ್ಪತ್ತೆರಡು ನಿಮಿಷ ಮಾತನಾಡಿದರು. ಕಾರಿನ ಕಾವು ಕನ್ನಡಕದ ಲೇಪವನ್ನು ಹೇಗೆ ಸೀಳುತ್ತದೆಂಬುದನ್ನು ತಾವೇ ಸ್ವತಃ ಪರೀಕ್ಷೆ ನಡೆಸಿ ಕಂಡುಹಿಡಿದುದಾಗಿ ಸಭೆಗೆ ತಿಳಿಸಿದರು. ಅಂದು ವೇದಿಕೆಯ ಮೇಲೂ ತೆಗೆಯದೆ ಹಾಕಿಕೊಂಡಿದ್ದ ಭಾರದ ಗಾಜಿನ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಶರಾವತಿಯವರು ವೇದಿಕೆಯ ಕೆಳಗೆ, ಸಾಲಿನಲ್ಲಿ ನಿಂತ ನಲವತ್ತೊಂದನೆಯವರ ಮೂಗಿನ ಅಳತೆ ತೆಗೆದುಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.