ಏನೂ ಕೇಳದ ಅಭಿನಂದನೆ

ಅಕ್ಕ ಏರಿಯಾ ಮ್ಯಾನೇಜರ್ ಆದ ಸುದ್ದಿ ನನಗೆ ಗೊತ್ತಾದದ್ದು ಅವಳ ವಾಟ್ಸಾಪ್ ಸ್ಟೇಟಸ್ಸಿನಿಂದ. ಒಡಹುಟ್ಟಿದ ಅಕ್ಕನಲ್ಲ. ಗಡಿಯ ದೊಡ್ಡಗಾಜನೂರಿನ ಹತ್ತಿರದ ನರ್ಸರಿಯಲ್ಲಿ ನನ್ನ ಪಕ್ಕ ಕೂತು ಟ್ರೇಗಳಿಗೆ ಕೋಸಿನ ಬೀಜ ಹಾಕುತ್ತಿದ್ದವಳು. ಆಮೇಲೆ ಚಾಮರಾಜನಗರದ ಕಡೆ ಬೀಜದ ಕಂಪನಿಯೊಂದನ್ನು ಸೇರಿಕೊಂಡಳು. ಫೋಟೋ ನೋಡಿ ಹಿಗ್ಗಿದೆ. ಹಿಂದೆಯೇ ನನ್ನ ಪಾಡೂ ನೆನಪಾಯಿತು. ತಿಂಗಳ ಕೊನೆಗೆ ನರ್ಸರಿ ಮುಚ್ಚುತ್ತೇನೆಂದು ನಮ್ಮ ಯಜಮಾನರು ಆ ವಾರವಷ್ಟೇ ಹೇಳಿದ್ದರು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಗೂಡ್ಸ್ ಆಟೋ ಓಡಿಸುವ ನನ್ನ ಗಂಡನಿಗೆ ಎಲ್ಲವೂ ನೇರ ರಸ್ತೆ. "ಶುಭಾಶಯ ಅಂತೇಳು, ಅಂಗೇ ನಂಗೊಂದು ಕೆಲ್ಸ ನೋಡಕ್ಕ ಅಂತ ಸೇರ್ಸ್‌ಬುಡು ಕಣೆ. ನಿಂತ ಕಾಲಲ್ಲೇ ಮುಗೀತದೆ," ಅಂದ.

"ನಿಂತ ಕಾಲಲ್ಲಿ ಮುಗ್ಸಕೆ ಅದೇನು ನಿಮ್ ಬಾಡಿಗೆ ಯಾಪಾರವಾ?" ಅಂದೆ.

ನನ್ನ ಬುದ್ಧಿಯೇ ಹಾಗೆ. ಮದುವೆ ಮನೆಗೆ ಹೋಗಿ ಸಾಲ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವಳ ಸಂತೋಷದ ದಿನ ಅವಳದೇ ಆಗಿರಲಿ, ನನ್ನ ಗೋಳು ಆಮೇಲಾದರೂ ಇರುತ್ತದೆ ಅಂದುಕೊಂಡೆ. ಹಾಗಂತ ನಾನೇನು ಸನ್ಯಾಸಿನಿಯಲ್ಲ. ಮಾತು ಶುರುವಾದರೆ ಮುಂದೆ ಏನಾದರೂ ಆದೀತು ಎಂಬ ಆಸೆ ಒಳಗೆ ಇದ್ದೇ ಇತ್ತು.

ನಮ್ಮ ಹಳೆಯ ಗ್ರೂಪಿನಲ್ಲಿ ಆಗಲೇ ಹೂಗುಚ್ಛದ ಚಿತ್ರಗಳು, ತಮಿಳಿನಲ್ಲಿ ಶುಭಾಶಯ ಹೇಳುವ 'ವಾಳ್ತುಕ್ಕಳ್', ಕೈಮುಗಿಯುವ ಬೊಂಬೆಗಳು ಬಂದು ಬಿದ್ದಿದ್ದವು. ಅವುಗಳ ನಡುವೆ ನನ್ನದೂ ಒಂದು ಬಿದ್ದಿರಲು ಮನಸ್ಸಾಗದೆ ಅವಳೊಬ್ಬಳಿಗೇ ಬರೆದೆ:

"ಅಕ್ಕಾ, ತುಂಬಾ ಖುಷಿಯಾಯ್ತು. ಗೆಟ್ಟವಾಡಿ ರೈತರಿಗೆ ಕೊಟ್ಟ ಸಸಿಯೆಲ್ಲ ಬುಡ ಕೊಳೆತ ದಿನ ನೆನಪಾಯ್ತು. ತಪ್ಪನ್ನ ಬಿಸಿಲಿನ ಮೇಲೆ ಹಾಕಿ ಅವರನ್ನ ಕಳಿಸಿ ಅಂದರು ಯಜಮಾನರು. ನೀನು ಎದುರು ನಿಂತು, ನೀರು ಹೆಚ್ಚಾಗಿದ್ದು ನಮ್ಮ ತಪ್ಪು ಅಂತ ಹೇಳಿ ಬೇರೆ ಟ್ರೇ ಕೊಡಿಸಿದೆ. ಇವಳು ದೊಡ್ಡ ಸ್ಥಾನಕ್ಕೆ ಹೋಗ್ತಾಳೆ ಅಂತ ಅವತ್ತೇ ಅಂದ್ಕೊಂಡಿದ್ದೆ. ಈಗ ಯಾವ ಕಡೆ ಓಡಾಟ?"

ಕೊನೆಯ ಪ್ರಶ್ನೆಯನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ. ಉತ್ತರ ಕೊಡಲು ಸುಲಭವಾಗಿರಬೇಕು, ಕೊಡದಿದ್ದರೂ ಅವಳಿಗೆ ಮುಜುಗರ ಆಗಬಾರದು. ಅಷ್ಟು ನೋಡಿಕೊಂಡು ಕಳಿಸಿದೆ.

ಸಂಜೆ ಟ್ರೇಗಳಿಗೆ ನೀರು ಬಿಡುವಾಗ ಅವಳ ವಾಯ್ಸ್ ಮೆಸೇಜ್ ಬಂತು. ಪೈಪು ಕೆಳಗಿಟ್ಟು ಕೇಳಿದೆ.

"ಬೆಳಿಗ್ಗೆಯಿಂದ ಫೋನು ಕೆಳ್ಗೆ ಇಟ್ಟಿಲ್ಲ ಕಣವ್ವ. ಒಬ್ರಿಗೆ ಮಗಳಿಗೆ ಕೆಲ್ಸ, ಇನ್ನೊಬ್ರಿಗೆ ಡೀಲರ್‌ಶಿಪ್ಪು. ಶುಭಾಶಯ ಅಂತ ಶುರು ಮಾಡಿದ್ರೆ ಮುಂದೇನು ಕೇಳ್ತಾರೋ ಅಂತ ಭಯ ಆಯ್ತದೆ. ಏನೂ ಕೇಳ್ದೆ ಬರ್ದವ್ಳು ನೀನೊಬ್ಳೇ. ಅದ ಓದಿ ಅಳು ಬಂದ್ಬುಡ್ತು. ಅದಿರ್ಲಿ, ನರ್ಸರಿ ಎಂಗದೆ?"

ಬಾಗಿಲು ಅವಳಾಗಿಯೇ ತೆರೆದಿದ್ದಳು. ಕೇಳುವುದೂ ಬೇಕಿರಲಿಲ್ಲ, ನಿಜ ಹೇಳಿದ್ದರೆ ಸಾಕಿತ್ತು. ಆದರೆ ಈಗ ನಿಜ ಹೇಳಿದರೂ ಅದು ಕೇಳಿದಂತೆಯೇ ಆಗುತ್ತದೆ, 'ನೀನೂ ಅಷ್ಟೇನಾ' ಎಂದುಕೊಳ್ಳುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಏನೂ ಕೇಳದವಳು ಎಂಬ ಆ ಒಂದು ಹೊಗಳಿಕೆಯನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

"ಚೆನ್ನಾಗ್ ನಡೀತಾದೆ ಕಣಕ್ಕಾ," ಎಂದು ಹೇಳಿ ಕಳಿಸಿಬಿಟ್ಟೆ.

"ಏನಂದ್ಳು?" ಎಂದು ರಾತ್ರಿ ಮನೆಯಲ್ಲಿ ಗಂಡ ಕೇಳಿದ.

"ಖುಷಿ ಪಟ್ಳು," ಅಂದೆ. ಅವನು ನನ್ನ ಮುಖ ನೋಡಿ ತಟ್ಟೆ ತೊಳೆಯಲು ಎದ್ದ. ಬೈದಿದ್ದರೂ ಚೆನ್ನಾಗಿರುತ್ತಿತ್ತು.

ನರ್ಸರಿ ಮುಚ್ಚಿತು. ನೆರಳಿನ ಬಲೆ ಬಿಚ್ಚಿ ಯಾರೋ ಕೊಂಡುಹೋದರು. ನಾನೀಗ ಬೇರೆಯವರ ಹೊಲದಲ್ಲಿ ಬೆಳ್ಳುಳ್ಳಿ ಕೀಳಲು ಕೂಲಿಗೆ ಹೋಗುತ್ತೇನೆ. ಅಕ್ಕನ ಜೊತೆ ಮಾತು ಮಾತ್ರ ನಿಂತಿಲ್ಲ. ಹಾಸನೂರಿನ ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾದದ್ದು, ಮೇಲಿನವರ ಕಾಟ, ಮಂಡಿನೋವು ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ಇರುವವಳು ನಾನೊಬ್ಬಳೇ ಅಂತೆ. ಅವಳ ದನಿ ಕೇಳಿದರೆ ನನಗೆ ಪ್ರೀತಿ ಉಕ್ಕುತ್ತದೆ, ಜೊತೆಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ತಪ್ಪು ನಮ್ಮದೇ ಎಂದು ಎದುರು ನಿಂತು ನಿಜ ಹೇಳಿದವಳನ್ನು ಮೆಚ್ಚಿ ಬರೆದವಳು ನಾನೇ ಅಲ್ಲವೇ!

ನಿನ್ನೆಯೂ ಫೋನು ಮಾಡಿದ್ದಳು. ಹೊಲದ ಬದುವಿನಲ್ಲಿ ಕೂತಿದ್ದೆ, ಉಗುರಿನ ಸಂದಿಯಲ್ಲೆಲ್ಲ ಮಣ್ಣು.

"ಈ ಸಲ ಕೋಸಿನ ಸಸಿ ಎಂಗೆ ಎದ್ದವೆ?" ಎಂದು ಕೇಳಿದಳು.

"ಒಂದೂ ಬುಡ ಕೊಳೆತಿಲ್ಲ ಕಣಕ್ಕಾ," ಅಂದೆ.