ಬೀಗದಂಗಡಿಗೆ ಬರೆದ ದೂರು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬಾಗಿಲಿನ ಬೀಗ ನನ್ನ ಫೋನಿಗೆ ಒಂದು ಸೂಚನೆ ಕಳಿಸಿತು. ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ. ನಾನು ಹಿಂದೆ ಮುಂದೆ ನೋಡದೆ ಒತ್ತಿದೆ. ಮಕ್ಕಳಿಗೆ ದಿನಾ ‘ಪ್ರಶ್ನೆ ಪೂರ್ತಿ ಓದ್ರೋ’ ಎಂದು ಬಡಿದುಕೊಳ್ಳುವ ಮೇಷ್ಟ್ರಮ್ಮ ನಾನು, ಅದರ ಕೆಳಗಿದ್ದ ನಾಲ್ಕು ಸಾಲನ್ನೂ ಓದಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಮೂರನೇ ಮಹಡಿಯ ಫ್ಲಾಟು ನನ್ನದು. ಇರುವುದು ನಾನು ಮತ್ತು ಅವ್ವ. ಅವ್ವನಿಗೆ ಮರೆವು ಶುರುವಾಗಿತ್ತು. ಎರಡು ಸಲ ನಾನು ಶಾಲೆಯಲ್ಲಿದ್ದಾಗ ತನ್ನೂರು ಇಟ್ಟಿಗಿಗೆ ಹೋಗುತ್ತೇನೆಂದು ಹೊರಟು ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಎರಡನೆಯ ಸಲ ಸಿಕ್ಕಾಗ ಮಂಡಕ್ಕಿ ತಿನ್ನುತ್ತ ಆರಾಮಾಗಿದ್ದಳು, ನಾನು ಮಾತ್ರ ಅರ್ಧ ಜೀವ ಆಗಿದ್ದೆ. ಆಮೇಲೆ ತಂದದ್ದು ಈ ಬೀಗ. ಹೊರಗಿನಿಂದ ಬೆರಳಚ್ಚು, ನಂಬರು, ಇಲ್ಲವೆ ಕೀಲಿಕೈ. ಒಳಗಿನಿಂದ ಕೈಯಲ್ಲಿ ತಿರುಗಿಸುವ ಒಂದು ನಾಬ್.

ಆ ನಾಬ್ ಬೇಡ ಎಂದವಳು ನಾನೇ. ಅದಿದ್ದರೆ ಅವ್ವ ತಿರುಗಿಸಿಕೊಂಡು ಹೋಗುತ್ತಾಳಲ್ಲ! ಜೋಡಿಸಲು ಬಂದ ಅಂಗಡಿಯವರು ತಲೆ ಅಲ್ಲಾಡಿಸಿದ್ದರು. “ಟೀಚರಮ್ಮಾರ, ಬ್ಯಾಡ್ರಿ. ಬೆಂಕಿ ಗಿಂಕಿ ಹತ್ತಿದ್ರ ಹೊರಗ ಹೆಂಗ ಬರ್ತೀರಿ?” ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆಯ ಕಷ್ಟ ಇವರಿಗೇನು ಗೊತ್ತು? ಅವರು ನಾಬ್ ಕಿತ್ತು, ಆ ಜಾಗಕ್ಕೆ ಪಟ್ಟಿ ಕೂರಿಸಿ, ನನ್ನಿಂದ ಒಂದು ಸಹಿ ಹಾಕಿಸಿಕೊಂಡು ಹೋದರು. ಅಂದಿನಿಂದ ಒಳಗಿನಿಂದ ಬಾಗಿಲು ತೆಗೆಯುವುದು ನನ್ನ ಫೋನೊಂದೇ.

ಅಪ್‌ಡೇಟ್ ಮುಗಿಯಿತೆಂದು ಫೋನು ಹೇಳಿತು. ಬೀಗ ಎರಡು ಸಲ ಕೂಗಿ ಸುಮ್ಮನಾಯಿತು. ಹಾಲು ತರಲೆಂದು ಫೋನಿನಲ್ಲಿ ‘ತೆರೆ’ ಒತ್ತಿದೆ. ಬೀಗ ಸಿಗುತ್ತಿಲ್ಲ ಎಂದಿತು. ಬೀಗ ನನ್ನ ಮೂಗಿನ ಮುಂದೆಯೇ ಇತ್ತು. ನಾಲ್ಕೂ ಸೆಲ್ ತೆಗೆದು ಹೊಸದು ಹಾಕಿದೆ, ಫೋನು ಆರಿಸಿ ಹಚ್ಚಿದೆ, ಕಡೆಗೆ ಬಾಗಿಲಿಗೆ ಭುಜ ಕೊಟ್ಟು ನೂಕಿದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನೂಕಿ ಏನಾಗಬೇಕು?

ಕೀಲಿಕೈ ನೆನಪಾಯಿತು. ಎರಡೂ ದೇವರ ಗೂಡಿನಲ್ಲಿದ್ದವು. ಬೀಗ ಬಂದ ವಾರಕ್ಕೆ ದಸರೆ ಬಂದಿತ್ತು, ಆಯುಧ ಪೂಜೆಗೆಂದು ಅವ್ವ ಅವನ್ನು ಅಲ್ಲಿಟ್ಟವಳು ಮತ್ತೆ ತೆಗೆದಿರಲಿಲ್ಲ. ಆದರೆ ಕೀಲಿ ಹಾಕುವ ತೂತು ಇದ್ದದ್ದು ಹೊರಗಡೆ. ಒಂದನ್ನು ಕರವಸ್ತ್ರದಲ್ಲಿ ಕಟ್ಟಿ ಬಾಲ್ಕನಿಯ ಗ್ರಿಲ್ಲಿನಿಂದ ಕೆಳಗಿನ ಮನೆಯಾಕೆಗೆ ಎಸೆದೆ. ಆಕೆ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತ ಹೊರಗಿನಿಂದ ಕೂಗಿದಳು. “ಅಕ್ಕಾ, ನೀ ಹೇಳಿದ ನಂಬರ್ ಒತ್ತಿದ್ರೂ ಏನೂ ಆಗವಲ್ದು, ಕೀಲಿನೂ ಒಳಗ ಹೋಗವಲ್ದು. ತೂತಿನ ತುಂಬ ಕುಂಕುಮ ಐತಿ!”

ಅವ್ವ ಅವತ್ತು ಬೀಗಕ್ಕೂ ಪೂಜೆ ಮಾಡಿದ್ದಳು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದ್ದಳು. ಎಂಟು ತಿಂಗಳಲ್ಲಿ ಅದು ಗಾರೆಯಾಗಿ ಕೂತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ ಕೊಟ್ಟೂರಿನಲ್ಲಿದ್ದೇನೆ, ಬರುತ್ತೇನೆ ಎಂದರು.

ಮೂರು ತಾಸು. ಹಾಲಿಗೆ ಬಿಟ್ಟರೆ ಎಲ್ಲಿಗೂ ಹೋಗಬೇಕಾದದ್ದೇನೂ ಇರಲಿಲ್ಲ, ಆದರೂ ಹೋಗಲಾರೆ ಎಂಬುದೇ ಎದೆಗೆ ಒತ್ತುತ್ತಿತ್ತು. ಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಸುತ್ತಿದೆ. ಗ್ಯಾಸ್ ಒಲೆಯನ್ನು ನಾಲ್ಕು ಸಲ ಮುಟ್ಟಿ ನೋಡಿದೆ. ಈಗ ಬೆಂಕಿ ಹತ್ತಿದರೆ ಎಂಬ ಅಂಗಡಿಯವರ ಮಾತು ತಲೆಯಿಂದ ಹೋಗಲೇ ಇಲ್ಲ.

ಅವ್ವ ಮಾತ್ರ ಬಾಲ್ಕನಿಯ ಸ್ಟೂಲಿನ ಮೇಲೆ ಕೂತಿದ್ದಳು. “ಕುಂದ್ರಬೇ. ಹಂಗ ಸುತ್ತಿದ್ರ ತಲಿ ತಿರಗತೈತಿ. ಮೊದ್ಲು ಮೊದ್ಲು ನನಗೂ ಹಂಗ ಆಕ್ಕಿತ್ತು,” ಎಂದಳು. ರಸ್ತೆಯ ಕಡೆ ನೋಡುತ್ತ, “ಇನ್ನೇನು ಹಡಗಲಿ ಬಸ್ ಬರತೈತಿ. ಅದು ಹೋದಮ್ಯಾಲೆ ಈ ಕಡಿ ನೆಳ್ಳು ಬರತೈತಿ, ಆಮ್ಯಾಲೆ ಹೊತ್ತು ಹೋಕ್ಕೈತಿ,” ಎಂದಳು. ಬಸ್ಸು ಬಂತು. ನೆರಳೂ ಬಂತು. ಅವಳ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಯವರು ಬಂದು ಸೂಜಿಯಲ್ಲಿ ಕುಂಕುಮ ಕೆದಕಿ, ಸೀಮೆಎಣ್ಣೆ ಬಿಟ್ಟು, ಕೀಲಿ ತಿರುಗಿಸಿದರು. ಬಾಗಿಲು ತೆರೆದ ಕೂಡಲೇ ನಾನು ಅವರ ಮೇಲೆ ಹರಿಹಾಯ್ದೆ. ಅವರು ಬೀಗ ಬಿಚ್ಚಿ ನೋಡುತ್ತಲೇ ಉತ್ತರ ಕೊಟ್ಟರು. “ಅಪ್‌ಡೇಟ್ ಕೆಟ್ಟೈತ್ರಿ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಚಾಲೂನ ಆಗಿಲ್ಲ. ತಪ್ಪು ಕಂಪನೀದು. ಇವತ್ತು ಇದು ಮೂರನೇ ಮನಿ. ಆದ್ರ ಆ ಎರಡೂ ಮನಿಯವ್ರು ನಾಬ್ ತಿರುವಿ ಹೊರಗ ಬಂದಿದ್ರು.” ಕಂಪನಿಗೆ ಬೋರ್ಡ್ ಕಳಿಸುವಾಗ ಜೊತೆಗಿಡಲು ಅಂಗಡಿಯ ಹೆಸರಿಗೆ ಒಂದು ದೂರು ಬರೆದುಕೊಡಿ ಎಂದು ಹೇಳಿ, ಬೋರ್ಡ್ ಬಿಚ್ಚಿಕೊಂಡು ಹೋದರು.

ಬರೆಯುವುದಕ್ಕೇನು, ನನಗೆ ಅದೇ ಬೇಕಿತ್ತು. ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡೇ ಕೂತು ಎರಡು ಪುಟ ಬರೆದೆ. ಸಹಿ ಹಾಕುವ ಮೊದಲು ಗಟ್ಟಿಯಾಗಿ ಓದುವುದು ನನ್ನ ರೂಢಿ. ಓದಿದೆ.

“ಮಾನ್ಯರೆ, ತಮ್ಮ ಅಂಗಡಿಯಿಂದ ಕೊಂಡ ಬೀಗವು ಕಂಪನಿಯ ಅಪ್‌ಡೇಟ್ ಹಾಕಿದ ಕೂಡಲೇ ಪೂರ್ತಿ ಕೆಟ್ಟಿರುತ್ತದೆ. ಫೋನಿಗಾಗಲಿ, ಬೆರಳಿಗಾಗಲಿ, ನಂಬರಿಗಾಗಲಿ ತೆರೆಯುತ್ತಿಲ್ಲ. ಇದರಿಂದ ನನ್ನದೇ ಮನೆಯಲ್ಲಿ ನನ್ನ ಇಚ್ಛೆಗೆ ವಿರುದ್ಧವಾಗಿ ಮೂರು ತಾಸು ಕೂಡಿಹಾಕಲ್ಪಟ್ಟು, ಮನುಷ್ಯರು ಸಹಿಸಲಾಗದ ಹಿಂಸೆ ಅನುಭವಿಸಿರುತ್ತೇನೆ. ಬೀಗವನ್ನು ಪುಕ್ಕಟೆ ಬದಲಿಸಿಕೊಡಬೇಕು, ಇಂಥದ್ದು ಮತ್ತೆ ಆಗುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು...”

ಅವ್ವ ಸೊಪ್ಪು ಸೋಸುತ್ತ ಕೇಳುತ್ತಿದ್ದಳು. “ಭಾಳ ಚಲೋ ಬರ್ದೀ,” ಎಂದಳು. “ಅದ ಕಾಗದದಾಗ ನಂದೂ ಬರಿ. ನಂದು ಮೂರು ತಾಸು ಅಲ್ಲ, ದಸರಿಯಿಂದ ಅಂತ ಬರಿ.”

ಅವಳು ವ್ಯಂಗ್ಯ ಮಾಡಿರಲಿಲ್ಲ. ನಿಜವಾಗಿಯೂ ತನ್ನದನ್ನೂ ಬರೆಯುತ್ತೇನೆಂದು ಸೊಪ್ಪು ಬದಿಗಿಟ್ಟು ಕಾಯುತ್ತಿದ್ದಳು. “ಯಾರ ಹೆಸರಿಗೆ ಬರೀಲವ್ವ?” ಎಂದೆ. ಅವಳು ಯೋಚಿಸಿದಳು. “ಬೀಗ ಹಾಕ್ದೋರ ಹೆಸರಿಗೆ,” ಎಂದಳು. ನನಗೆ ಅಳು ಬಂತು. ಅವಳ ಮುಂದೆ ಅಳಲು ಮುಖವಿಲ್ಲದೆ ಅಡುಗೆಮನೆಗೆ ಹೋದೆ.

ಸಂಜೆ ಕೆಳಗಿನ ಮನೆಯಾಕೆಯನ್ನು ಅವ್ವನ ಹತ್ತಿರ ಕೂರಿಸಿ ಅಂಗಡಿಗೆ ಹೋಗಿ ದೂರು ಕೊಟ್ಟೆ. ಅದರಲ್ಲಿ ಕಂಪನಿಯ ತಪ್ಪನ್ನು ಹಾಗೇ ಉಳಿಸಿದ್ದೆ. ಕೊನೆಗೆ ಒಂದು ಸಾಲು ಸೇರಿಸಿದ್ದೆ: ಒಳಗಿನ ನಾಬನ್ನು ನಾನೇ ತೆಗೆಸಿದ್ದೆ, ಅದು ನನ್ನ ತಪ್ಪು, ದಯವಿಟ್ಟು ಇಂದೇ ಮರಳಿ ಜೋಡಿಸಬೇಕು. ಅಂಗಡಿಯವರು ಓದಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಜೊತೆಗೇ ಬಂದರು. ಬೋರ್ಡ್ ಇಲ್ಲದಿದ್ದರೂ ನಾಬ್ ಮತ್ತು ಕೀಲಿ ಕೆಲಸ ಮಾಡುತ್ತವೆ ಎಂದು ತಿರುಗಿಸಿ ತೋರಿಸಿದರು. ಒಂದು ಕೀಲಿಕೈ ನಾನಿಟ್ಟುಕೊಂಡೆ. ಇನ್ನೊಂದನ್ನು, ನನ್ನ ಫೋನ್ ನಂಬರು ಬರೆದ ಚೀಟಿಯ ಜೊತೆ, ಅವ್ವನ ಸೆರಗಿಗೆ ಕಟ್ಟಿದೆ. ಕೆಳಗಿನ ಮನೆಯಾಕೆಗೆ ಒಂದು ಕಣ್ಣಿಟ್ಟಿರು ಎಂದು ಹೇಳಿದೆ.

ಮರುದಿನ ಶಾಲೆಯಲ್ಲಿ ಪಾಠ ಹೇಳಿದೆನೋ ಬಿಟ್ಟೆನೋ ಗೊತ್ತಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು ಎಂದು ಹೇಳಲು ಫೋನಿನಲ್ಲಿ ಬೀಗವೇ ಇಲ್ಲ. ಗಂಟೆ ಹೊಡೆದ ಕೂಡಲೇ ಓಡಿಬಂದೆ. ಕೀಲಿ ನನ್ನ ಕೈಯಲ್ಲಿತ್ತು. ಆದರೂ ಬಾಗಿಲು ಬಡಿದೆ.

ಒಳಗೆ ಸದ್ದಿಲ್ಲ. ಮತ್ತೆ ಬಡಿದೆ. ಹೊಸ್ತಿಲ ಪಕ್ಕ ಅವ್ವನ ಚಪ್ಪಲಿ ಇದ್ದವು, ಎರಡಕ್ಕೂ ಹಸಿ ಕೆಂಪು ಮಣ್ಣು ಮೆತ್ತಿತ್ತು. ಎಲ್ಲಿಗೋ ಹೋಗಿ ಬಂದಿದ್ದಳು.

“ನಿಂದ್ರು, ತಗಿತೀನಿ,” ಒಳಗಿನಿಂದ ಅವ್ವನ ದನಿ ಬಂತು.

ತೆಗೆಯಲು ಅವಳು ಬಹಳ ಹೊತ್ತು ಮಾಡಿದಳು. ನಾನು ಕೀಲಿಯನ್ನು ಚೀಲಕ್ಕೆ ಹಾಕಿ ಹೊರಗೆ ನಿಂತೆ.