ತೂತು ಬಿದ್ದ ಬ್ಯಾನರ್

ಟೈಲರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಯೋಗ ಕಲಿಸುವ ಅಕ್ಕ ಯಾರ ಮುಲಾಜಿಗೂ ಬೀಳುವವಳಲ್ಲ. "ಮಂಡಿನೋವು ಹೋಗುತ್ತಾ?" ಎಂದು ಫೋನ್ ಮಾಡಿದವರಿಗೆ, "ನಂಗೊತ್ತಿಲ್ಲ ರೀ. ಡಾಕ್ಟ್ರು ಹ್ಞೂಂ ಅಂದ್ರೆ ಬನ್ನಿ, ಆದಷ್ಟು ಮಾಡಿ," ಎನ್ನುತ್ತಾಳೆ. ಪ್ರಚಾರದ ಕೆಲಸ ಹೊತ್ತ ತಮ್ಮ ಪಕ್ಕದಲ್ಲೇ ಕೂತು ಹಣೆ ಹಣೆ ಚಚ್ಚಿಕೊಳ್ಳುತ್ತಾನೆ.

ಪಾಪ, ಅವನ ಸಂಕಟವೂ ಸುಳ್ಳಲ್ಲ. ಯೋಗ ದಿನದ ಉಚಿತ ತರಗತಿಗೆ ಹೊಸಬರು ಬಂದು ಸೇರದಿದ್ದರೆ ಬಾಡಿಗೆ ಕಟ್ಟಲಾಗದೆ ಹಾಲ್ ಖಾಲಿ ಮಾಡಬೇಕಿತ್ತು. ಎದುರು ಬೀದಿಯ ಯೋಗ ಕೇಂದ್ರದವರ ಬೋರ್ಡಿನಲ್ಲಿ ಬೆನ್ನುನೋವಿನಿಂದ ಬಂಜೆತನದವರೆಗೆ ಎಲ್ಲಕ್ಕೂ ಗ್ಯಾರಂಟಿ!

ಅಕ್ಕ ಬರೆದುಕೊಟ್ಟಿದ್ದು ಇಷ್ಟೇ: 'ಯೋಗ ದಿನಕ್ಕೆ ಎಲ್ಲರೂ ಬನ್ನಿ. ಬಗ್ಗಲು ಬರದಿದ್ದರೂ ಬನ್ನಿ. ಕುರ್ಚಿ ಇದೆ.' ಯೋಗ ದಿನದ ಹಿಂದಿನ ಬೆಳಿಗ್ಗೆ ನೋಡಿದರೆ ಬಾಲ್ಕನಿಗೆ ಕಟ್ಟಿದ ಬ್ಯಾನರಿನ ನಟ್ಟನಡುವೆ ತಮ್ಮ ಸೇರಿಸಿದ ಕೆಂಪಕ್ಷರ ಮೆರೆಯುತ್ತಿತ್ತು: 'ಸಕ್ಕರೆ ಕಾಯಿಲೆಗೆ ಶಾಶ್ವತ ಮುಕ್ತಿ.'

ಅವಳ ಮೈಯೆಲ್ಲ ಉರಿದುಹೋಯಿತು. ಇಂಥದೇ ಮಾತು ನಂಬಿ ಅವರ ಅಮ್ಮ ಮಾತ್ರೆ ಬಿಟ್ಟಿದ್ದರು, ಕಾಲಿನ ಹೆಬ್ಬೆರಳು ಕಳೆದುಕೊಂಡಿದ್ದರು. ದಿನಾ ಆ ಕಾಲಿಗೆ ಬ್ಯಾಂಡೇಜ್ ಸುತ್ತಿದವನು ಇದೇ ತಮ್ಮ.

ದಡದಡ ಕೆಳಗಿಳಿದು ಟೈಲರ್ ಮೇಜಿನಿಂದ ಕತ್ತರಿ ಎತ್ತಿಕೊಂಡಳು.

"ಅಯ್ಯೋ, ಅದು ಬಟ್ಟೆ ಕತ್ತರಿ ಕಣಮ್ಮಾ! ಫ್ಲೆಕ್ಸಿಗೆ ಹಾಕಿದ್ರೆ ಮೊಂಡಾಗುತ್ತೆ!"

"ಸಾಣೆ ಹಿಡಿಸಿ ಕೊಡ್ತೀನಿ ಬಿಡಿ!"

ಬಾಲ್ಕನಿಯಿಂದ ಬಗ್ಗಿ ಆ ಸಾಲನ್ನಷ್ಟೇ ಕರಕರ ಕತ್ತರಿಸಿದಳು. ತಮ್ಮ ಅವಳ ತೋಳು ಹಿಡಿದ. "ಅಕ್ಕಾ, ತಲೆ ಕೆಟ್ಟಿದೆಯಾ? ಎಲ್ರೂ ಹಿಂಗೇ ಹಾಕ್ತಾರೆ. ಹಾಲ್ ಹೋಗುತ್ತೆ ಕಣೇ!"

"ಹೋದ್ರೆ ಹೋಗ್ಲಿ! ರಸ್ತೇಲಿ ಚಾಪೆ ಹಾಸ್ತೀನಿ. ಇನ್ನೊಬ್ರ ಅಮ್ಮನ ಬೆರಳು ಕಳೆದು ನನ್ನ ಹಾಲ್ ಉಳೀಬೇಕಾಗಿಲ್ಲ. ಅಮ್ಮನ ಕಾಲು ಮರ್ತೇಹೋಯ್ತೇನೋ ನಿಂಗೆ?"

ಅವನು ಅವಳ ತೋಳು ಬಿಟ್ಟ.

ಬ್ಯಾನರ್ ನಡುವೆ ತೂತಿಟ್ಟುಕೊಂಡೇ ತೂಗಾಡಿತು. ಏನಮ್ಮಾ ಇದು ಎಂದು ದಾರಿಹೋಕರು ಕೇಳಿದರೆ, "ಅಲ್ಲೊಂದು ಸುಳ್ಳಿತ್ತು, ಕಿತ್ತುಹಾಕಿದೆ. ನಾಳೆ ಬನ್ನಿ," ಎಂದು ಮೇಲಿಂದಲೇ ಕೂಗಿದಳು. ಕೆಲವರು ನಕ್ಕರು, ಕೆಲವರು ಸಮಯ ಕೇಳಿಕೊಂಡು ಹೋದರು.

ಯೋಗ ದಿನದ ಬೆಳಿಗ್ಗೆ ಹಾಲ್ ಏನೂ ತುಂಬಿ ತುಳುಕಲಿಲ್ಲ. ಕತ್ತರಿ ಮೊಂಡಾಗಿದ್ದಕ್ಕೆ ಗೊಣಗುತ್ತಲೇ ಟೈಲರ್ ಕುರ್ಚಿ ಹಿಡಿದಿದ್ದ. ಎದುರುಮನೆ ಅಜ್ಜಿ ಸೊಸೆಯೊಂದಿಗೆ ಬಂದಿದ್ದರು, ಹಿಂದೆ ಇನ್ನಷ್ಟು ಹೊಸ ಮುಖಗಳು. ಅಷ್ಟರಲ್ಲಿ ದಪ್ಪನೆಯವರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತ ತಮ್ಮನನ್ನು ಕೇಳಿದರು: "ಇಲ್ಲಿ ಸೇರಿದ್ರೆ ಶುಗರ್ ಮಾತ್ರೆ ಬಿಡಬಹುದಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲೇ ತಮ್ಮ ಹೇಳಿಬಿಟ್ಟ: "ಇಲ್ಲ ಸಾರ್. ಅದನ್ನ ಡಾಕ್ಟ್ರೇ ಹೇಳ್ಬೇಕು. ನೀವಾಗೇ ಬಿಟ್ರೆ ಒಳಗೇ ಬಿಡಲ್ಲ ನಾನು."

ಆತ ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದು ಹೋದರು. ತಮ್ಮ ತಡೆಯಲಿಲ್ಲ. ಅವನ ಕಣ್ಣು ತುಂಬಿತ್ತು. ಅಕ್ಕ ಒಂದು ಚಾಪೆ ತೆಗೆದು ಅವನ ಕೈಗೆ ತುರುಕಿ, "ಬಾ, ನೀನೂ ಕೂತ್ಕೋ," ಎಂದಳು.